ಗೇಟಿನ ಹೊರಗೆ ನಿಂತ ಹತ್ತು ಜನ: ಕೆಲಸ ಬಿಡುವವರಿಂದ ಕಾರ್ಖಾನೆಗೆ ನಷ್ಟ ಆಗುವುದು ಎಲ್ಲಿ?

ಗಾರ್ಮೆಂಟ್ಸ್ ಕಾರ್ಖಾನೆಗಳ ಸಿಬ್ಬಂದಿ ಕಚೇರಿಗಳಲ್ಲಿ ಕುಳಿತು ಹಾಜರಾತಿ ಲೆಕ್ಕ ನೋಡುತ್ತಿದ್ದ ವರ್ಷಗಳಲ್ಲಿ ಒಂದು ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. "ಹೋಗುವವರು ಹೋಗಲಿ ಬಿಡಿ ಸರ್, ಗೇಟಿನ ಹೊರಗೆ ಹತ್ತು ಜನ ನಿಂತಿದ್ದಾರೆ." ಹೇಳಿದವರು ಕೆಟ್ಟವರಲ್ಲ. ಬೆಳಿಗ್ಗೆ ಗೇಟಿನ ಹೊರಗೆ ನಿಜವಾಗಿಯೂ ಜನ ನಿಂತಿರುತ್ತಿದ್ದರು. ಆದರೆ ಆ ಹತ್ತು ಜನ ಒಳಗೆ ಬಂದ ಮೇಲೆ ಏನಾಗುತ್ತಾರೆ ಎಂಬುದನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಕೆಲಸ ಬಿಡುವವರ ಬಗ್ಗೆ ನಮಗೆ ಸಿಗುವುದು ಸಾಮಾನ್ಯವಾಗಿ ಒಂದೇ ಒಂದು ಶೇಕಡಾವಾರು ಅಂಕಿ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೊಸಿಸ್‌ನ ವಾರ್ಷಿಕ ಅಟ್ರಿಷನ್ ಶೇ 28.4 ಇತ್ತು, 2024ರ ಮಾರ್ಚ್ ತ್ರೈಮಾಸಿಕದ ಹೊತ್ತಿಗೆ ಶೇ 12.6ಕ್ಕೆ ಇಳಿಯಿತು. ಪತ್ರಿಕೆಗಳು ಅದನ್ನು ತಲೆಬರಹ ಮಾಡಿದವು. ಷೇರುದಾರರಿಗೆ ಅಷ್ಟು ಸಾಕಾಗಬಹುದು, ಕಂಪನಿ ನಡೆಸುವವರಿಗೆ ಸಾಲದು. ಯಾವ ವಿಭಾಗದವರು, ಎಷ್ಟು ತಿಂಗಳ ಅನುಭವದವರು ಹೋದರು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹಾಗಾಗಿ ಹಣ ಎಲ್ಲಿ ಸೋರುತ್ತಿದೆ ಎಂಬುದನ್ನೂ ಹೇಳುವುದಿಲ್ಲ. ಸಾಫ್ಟ್‌ವೇರ್ ಬಿಟ್ಟು ನನಗೆ ಪರಿಚಯವಿರುವ ಹೊಲಿಗೆ ಕಾರ್ಖಾನೆಯನ್ನೇ ಇಲ್ಲಿ ತೆಗೆದುಕೊಳ್ಳುತ್ತೇನೆ. ಪೀಣ್ಯ, ಬೊಮ್ಮನಹಳ್ಳಿಗಳಿಂದ ಹಿಡಿದು ರಾಮನಗರ, ಮದ್ದೂರಿನವರೆಗೆ ಹಬ್ಬಿರುವ ಈ ಉದ್ಯಮದಲ್ಲಿ ದುಡಿಯುವವರು ಬಹುಪಾಲು ಹೆಂಗಸರು.

ಲೆಕ್ಕಕ್ಕಾಗಿ ಸಾವಿರ ಜನರ ಒಂದು ಶರ್ಟ್ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಮುಂದಿನ ಅಂಕಿಗಳು ಯಾವ ನಿಜ ಕಾರ್ಖಾನೆಯವೂ ಅಲ್ಲ, ಲೆಕ್ಕದ ದಾರಿ ಕಾಣಲೆಂದು ನಾನು ಇಟ್ಟುಕೊಂಡವು. ಹೊಲಿಗೆಯಲ್ಲಿ 600 ಜನ, ಇಸ್ತ್ರಿ ಮತ್ತು ಪ್ಯಾಕಿಂಗ್‌ನಲ್ಲಿ 220, ಕಟಿಂಗ್‌ನಲ್ಲಿ 80, ಚೆಕಿಂಗ್‌ನಲ್ಲಿ 70, ಮೆಕ್ಯಾನಿಕ್‌ಗಳು 30. ವರ್ಷದಲ್ಲಿ 490 ಜನ ಬಿಟ್ಟು ಹೋದರು, ಅಂದರೆ ಶೇ 49. ವಿಭಾಗವಾರು ನೋಡಿದರೆ ಪ್ಯಾಕಿಂಗ್‌ನಲ್ಲಿ 154 ಜನ, ಶೇ 70. ಹೊಲಿಗೆಯಲ್ಲಿ 300 ಜನ, ಶೇ 50. ಉಳಿದ ಮೂರೂ ವಿಭಾಗಗಳಲ್ಲಿ ಶೇ 20. ತಿಂಗಳ ಸಭೆಯಲ್ಲಿ ಈ ಪಟ್ಟಿ ಪರದೆಯ ಮೇಲೆ ಬಂದರೆ ಎಲ್ಲರ ಕಣ್ಣೂ ಪ್ಯಾಕಿಂಗ್ ಮೇಲೆ ಬೀಳುತ್ತದೆ. ಹಾಜರಾತಿ ಬೋನಸ್ಸನ್ನೂ ಅಲ್ಲಿಗೇ ಮೊದಲು ಕೊಡುತ್ತಾರೆ.

ಪ್ಯಾಕಿಂಗ್‌ನ ಒಬ್ಬರು ಬಿಟ್ಟು ಹೋದರೆ ಖರ್ಚೆಷ್ಟು? ತಿಂಗಳ ಸಂಬಳ 13,000 ರೂಪಾಯಿ, 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500 ಎಂದಿಟ್ಟುಕೊಳ್ಳೋಣ. ಹೊಸಬರನ್ನು ಹುಡುಕಿ ತರುವುದು, ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ ಎಲ್ಲ ಸೇರಿ 1,000. ಬಟ್ಟೆ ಮಡಿಚಿ ಕವರಿಗೆ ಹಾಕುವುದನ್ನು ಕಲಿಯಲು ಆರು ದಿನ ಸಾಕು. ಆ ದಿನಗಳಲ್ಲಿ ಅರ್ಧ ಕೆಲಸ ಆಗುತ್ತದೆ ಎಂದರೆ ಮೂರು ದಿನದ ಕೂಲಿ, 1,500, ವ್ಯರ್ಥ. ಒಟ್ಟು 2,500. ಅದನ್ನು 154 ಜನರಿಂದ ಗುಣಿಸಿದರೆ ವರ್ಷಕ್ಕೆ 3.85 ಲಕ್ಷ. ಸಣ್ಣ ಮೊತ್ತವಲ್ಲ, ಆದರೆ ಇದನ್ನು ಹೊಲಿಗೆಯ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬೇಕು.

ಹೊಲಿಗೆ ವಿಭಾಗದಲ್ಲಿ ಬಿಟ್ಟ 300 ಜನರನ್ನು ಸೇವಾವಧಿಯ ಪ್ರಕಾರ ಬಿಡಿಸಿದರೆ ಹೀಗಿದೆ ಎನ್ನೋಣ. ಮೊದಲ ಮೂರು ತಿಂಗಳಲ್ಲೇ ಬಿಟ್ಟವರು 120. ಮೂರು ತಿಂಗಳಿಂದ ಒಂದು ವರ್ಷದೊಳಗೆ 80. ಒಂದರಿಂದ ಮೂರು ವರ್ಷದವರು 50, ಮೂರರಿಂದ ಐದು ವರ್ಷದವರು 20. ಐದು ದಾಟಿ ಆರು ತುಂಬುವುದರೊಳಗೆ 15, ಆರು ವರ್ಷಕ್ಕಿಂತ ಹಳಬರು 15.

ಇಲ್ಲಿ ಬಹಳ ಜನ ಎಡವುತ್ತಾರೆ. ಕೊನೆಯ ಎರಡು ಗುಂಪುಗಳಲ್ಲಿ ತಲಾ ಹದಿನೈದು ಜನ ಇರುವುದರಿಂದ ಎರಡೂ ಒಂದೇ ಎಂದುಕೊಳ್ಳುತ್ತಾರೆ. ಆದರೆ ಆರು ವರ್ಷ ಮೀರಿದ ಟೈಲರ್‌ಗಳು ಕಾರ್ಖಾನೆಯಲ್ಲಿ ಯಾವ ತಿಂಗಳು ನೋಡಿದರೂ ಸುಮಾರು 188 ಜನ ಇರುತ್ತಾರೆ. ಐದರಿಂದ ಆರು ವರ್ಷದವರು ಇರುವುದು 22 ಜನ ಮಾತ್ರ. ಇದ್ದವರ ಲೆಕ್ಕದಲ್ಲಿ ಹೋದವರನ್ನು ಅಳೆದರೆ ಹಳಬರಲ್ಲಿ ತಿಂಗಳಿಗೆ ಶೇ 0.7, ಆರನೇ ವರ್ಷದವರಲ್ಲಿ ತಿಂಗಳಿಗೆ ಶೇ 5.7. ಎಂಟು ಪಟ್ಟು ವ್ಯತ್ಯಾಸ. ಬಿಟ್ಟವರ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಕುಳಿತವರಿಗೆ ಇದು ಎಂದಿಗೂ ಕಾಣುವುದಿಲ್ಲ.

ಈ ಲೆಕ್ಕಕ್ಕೆ ವಿಶೇಷ ತಂತ್ರಾಂಶ ಬೇಕಿಲ್ಲ. ಹನ್ನೆರಡು ತಿಂಗಳ ಮಸ್ಟರ್ ರೋಲ್‌ಗಳನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಜೋಡಿಸಬೇಕು. ಆಗ ಪ್ರತಿ ಸಾಲು ಒಬ್ಬ ವ್ಯಕ್ತಿಯ ಒಂದು ತಿಂಗಳಾಗುತ್ತದೆ. ಸೇರಿದ ದಿನ C ಕಾಲಂನಲ್ಲೂ ತಿಂಗಳ ಮೊದಲ ದಿನ D ಕಾಲಂನಲ್ಲೂ ಇದ್ದರೆ, ಆ ತಿಂಗಳಿಗೆ ಅವರ ಸೇವೆ ಎಷ್ಟು ತಿಂಗಳು ಎಂಬುದು ಈ ಒಂದು ಸೂತ್ರದಿಂದ ಸಿಗುತ್ತದೆ:

```
=IF(C2>D2,0,DATEDIF(C2,D2,"m"))
```

ಪಕ್ಕದಲ್ಲಿ ವಿಭಾಗದ ಹೆಸರು. ಆ ತಿಂಗಳು ಕೆಲಸ ಬಿಟ್ಟಿದ್ದರೆ 1, ಇಲ್ಲದಿದ್ದರೆ 0. ಪಿವೋಟ್ ಟೇಬಲ್‌ನಲ್ಲಿ ಸೇವಾವಧಿಯನ್ನು ಅಡ್ಡಕ್ಕೆ, ವಿಭಾಗವನ್ನು ಉದ್ದಕ್ಕೆ ಇಟ್ಟು ಆ ಕೊನೆಯ ಕಾಲಂನ ಸರಾಸರಿ ತೆಗೆದರೆ ಪ್ರತಿ ಮನೆಯಲ್ಲೂ ತಿಂಗಳಿಗೆ ನೂರಕ್ಕೆ ಎಷ್ಟು ಜನ ಬಿಟ್ಟರು ಎಂಬುದು ಬರುತ್ತದೆ. ಕಾರ್ಖಾನೆ ಎರಡು ಹೊಸ ಬ್ಯಾಚ್, ಅಂದರೆ ಹೊಲಿಗೆಯ ಸಾಲು, ತೆರೆದು ನೂರು ಹೊಸಬರನ್ನು ಸೇರಿಸಿಕೊಂಡ ವರ್ಷ ಒಟ್ಟು ಶೇಕಡಾವಾರು ತಾನಾಗಿಯೇ ಏರುತ್ತದೆ, ಯಾರ ನಡವಳಿಕೆಯೂ ಬದಲಾಗದಿದ್ದರೂ. ಏಕೆಂದರೆ ಹೊಸಬರು ಎಂದಿಗೂ ಹೆಚ್ಚು ಬಿಡುತ್ತಾರೆ. ಈ ಪಟ್ಟಿಯ ಮನೆಗಳು ಮಾತ್ರ ಆಗ ಅಲುಗಾಡುವುದಿಲ್ಲ.

ದತ್ತಾಂಶದಲ್ಲಿ ಎರಡು ಕೊಳೆಗಳನ್ನು ಮೊದಲು ತೊಳೆಯಬೇಕು. ಗಾರ್ಮೆಂಟ್ಸ್‌ನಲ್ಲಿ ರಾಜೀನಾಮೆ ಪತ್ರ ಕೊಟ್ಟು ಹೋಗುವವರು ಕಡಿಮೆ. ಒಂದು ದಿನ ಬರುವುದು ನಿಲ್ಲಿಸುತ್ತಾರೆ. ಕಚೇರಿಯವರು ಕೆಲವು ವಾರ ಕಾದು, ಪತ್ರ ಕಳಿಸಿ, ಆಮೇಲೆ ಹೆಸರು ತೆಗೆಯುತ್ತಾರೆ. ಹೆಸರು ತೆಗೆದ ದಿನವನ್ನೇ ಬಿಟ್ಟ ದಿನವೆಂದು ಬರೆದುಕೊಂಡರೆ ಎರಡು ತಿಂಗಳಲ್ಲಿ ಹೋದವಳು ಮೂರೂವರೆ ತಿಂಗಳವಳಾಗಿ ಬೇರೆ ಮನೆಗೆ ಬೀಳುತ್ತಾಳೆ. ಕೊನೆಯ ಬಾರಿ ಪಂಚ್ ಮಾಡಿದ ದಿನವನ್ನೇ ಹಿಡಿಯಬೇಕು. ಎರಡನೆಯದು, ಊರ ಜಾತ್ರೆಗೋ ಹೆರಿಗೆಗೋ ಪಿಎಫ್ ಹಣ ತೆಗೆಯಲೋ ಬಿಟ್ಟವರು ಕೆಲವು ತಿಂಗಳ ಮೇಲೆ ಹೊಸ ಟೋಕನ್ ನಂಬರ್ ಪಡೆದು ಅದೇ ಕಾರ್ಖಾನೆಗೆ ಮರಳುತ್ತಾರೆ. ಪಟ್ಟಿಯಲ್ಲಿ ಅವರು ಒಬ್ಬ ಹಳಬಳ ನಿರ್ಗಮನ ಮತ್ತು ಒಬ್ಬ ಹೊಸಬಳ ಆಗಮನ. ವಾಸ್ತವದಲ್ಲಿ ಕಲಿಕೆಯ ನಷ್ಟವೇ ಇಲ್ಲ. ಪಿಎಫ್‌ನ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲ. ಟೋಕನ್ ಬದಲು ಅದನ್ನು ಹಿಡಿದು ಹೊಂದಿಸಿದರೆ ಮರಳಿ ಬಂದವರು ಸಿಕ್ಕುತ್ತಾರೆ.

ಈಗ ಹಣದ ಪ್ರಶ್ನೆ. ಹೊಸ ಟೈಲರ್ ಪೂರ್ಣ ವೇಗಕ್ಕೆ ಬರಲು ಮೂರು ತಿಂಗಳು, ಅಂದರೆ 78 ಕೆಲಸದ ದಿನ, ಬೇಕು ಎನ್ನೋಣ. ಆ ಅವಧಿಯ ಸರಾಸರಿ ಉತ್ಪಾದನೆ ಅರ್ಧ. ಹಾಗಾದರೆ ಕಲಿಕೆಗೆ ಹೋಗುವುದು 39 ದಿನದ ಕೂಲಿ, 19,500. ಸೇರಿಸಿಕೊಳ್ಳುವ ಖರ್ಚು 1,000 ಸೇರಿ 20,500. ನಡುವೆಯೇ, ಒಂದೂವರೆ ತಿಂಗಳಿಗೆ ಬಿಟ್ಟವರ ವಿಷಯ ಬೇರೆ. ಅವರು ಇದ್ದ 39 ದಿನಗಳಲ್ಲಿ ಕಾಲು ಭಾಗದಷ್ಟೇ ಉತ್ಪಾದನೆ ಬಂದಿರುತ್ತದೆ. ಅಲ್ಲಿ ಕಳೆದುಕೊಂಡದ್ದು ಸುಮಾರು 14,600. ಸೇರಿಸಿಕೊಳ್ಳುವ ಖರ್ಚಿನೊಂದಿಗೆ 15,600.

ಹೊಲಿಗೆ ವಿಭಾಗದ 600 ಸಂಖ್ಯೆ ಕುಗ್ಗದಿರಬೇಕಾದರೆ ವರ್ಷಕ್ಕೆ 300 ಜನರನ್ನು ಸೇರಿಸಿಕೊಳ್ಳಬೇಕು. ಮೇಲಿನ ಪಟ್ಟಿಯನ್ನು ಅವರ ಮೇಲೆ ಓಡಿಸಿ ನೋಡಿ: ಮೂರು ತಿಂಗಳು ದಾಟುವವರು 180, ಒಂದು ವರ್ಷ ದಾಟುವವರು 100, ಮೂರು ವರ್ಷ ದಾಟುವವರು 50, ಐದು ವರ್ಷ ದಾಟುವವರು 30. ಒಂದು ವರ್ಷ ಪೂರೈಸಿದ ಒಬ್ಬ ಟೈಲರ್ ಹೋದರೆ ಅವಳ ಜಾಗಕ್ಕೆ ಅಂಥ ಇನ್ನೊಬ್ಬಳು ಬರಲು ಮೂವರನ್ನು ಸೇರಿಸಬೇಕು. ಐದು ವರ್ಷದವಳು ಹೋದರೆ ಹತ್ತು ಜನರನ್ನು. ಗೇಟಿನ ಹೊರಗೆ ನಿಂತ ಆ ಹತ್ತೂ ಜನ ಒಳಗೆ ಬಂದು, ಒಂಬತ್ತು ಜನ ಬಿಟ್ಟು ಹೋದ ಮೇಲೆ ಉಳಿಯುವ ಒಬ್ಬಳು ಅವಳ ಸ್ಥಾನ ತುಂಬುತ್ತಾಳೆ, ಅದೂ ಐದು ವರ್ಷದ ನಂತರ.

ಮೂವರನ್ನು ಸೇರಿಸುವುದಕ್ಕೆ ಖರ್ಚೆಷ್ಟು ಎಂದು ನೋಡಲು ವರ್ಷದ ಒಟ್ಟು ಲೆಕ್ಕವೇ ಸಾಕು. ಬೇಗ ಬಿಟ್ಟ 120 ಜನರಿಗೆ ತಲಾ 15,600, ಕಲಿತು ಮುಗಿಸಿದ 180 ಜನರಿಗೆ ತಲಾ 20,500: ಒಟ್ಟು 55.6 ಲಕ್ಷ. ಅಷ್ಟು ಸುರಿದ ಮೇಲೆ ವರ್ಷ ದಾಟುವವರು 100 ಜನ. ಅಂದರೆ ವರ್ಷ ತುಂಬಿದ ಒಬ್ಬ ಟೈಲರ್‌ಳನ್ನು ಪಡೆಯಲು 55,600 ರೂಪಾಯಿ, ಅವಳ ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚು. ಇದೇ ರೀತಿ ಮೂರು ತಿಂಗಳು ಮುಗಿಸಿದವಳನ್ನು ಪಡೆಯಲು 30,900. ಹಾಗಾಗಿ ಮೊದಲ ಮೂರು ತಿಂಗಳಲ್ಲಿ ಒಬ್ಬರು ಹೋದರೆ 15,600, ಅಲ್ಲಿಂದ ವರ್ಷದೊಳಗೆ ಹೋದರೆ 30,900, ವರ್ಷ ದಾಟಿದವರು ಹೋದರೆ ಕನಿಷ್ಠ 55,600 ಎಂದು ಓದಿಕೊಳ್ಳಬಹುದು. ಪ್ಯಾಕಿಂಗ್‌ನ 2,500 ನೆನಪಿರಲಿ. ಹೊಲಿಗೆಯ ಒಬ್ಬ ಅನುಭವಿ ಹೋಗುವುದು ಪ್ಯಾಕಿಂಗ್‌ನ ಇಪ್ಪತ್ತೆರಡು ಜನ ಹೋದದ್ದಕ್ಕೆ ಸಮ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ಮೂರು ದರಗಳನ್ನು ಆಯಾ ಗುಂಪಿನ ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಸುಮಾರು 99 ಲಕ್ಷ ಬರುತ್ತದೆ. ಅದು ತಪ್ಪು. ಬೇಗ ಬಿಟ್ಟವರ ಖರ್ಚು ಅನುಭವಿಯ ಬೆಲೆಯೊಳಗೆ ಆಗಲೇ ಸೇರಿರುತ್ತದೆ, ಎರಡು ಸಲ ಎಣಿಸಿದಂತಾಗುತ್ತದೆ. ನಿಜವಾಗಿ ಖರ್ಚಾಗುವುದು 55.6 ಲಕ್ಷವೇ. ದರಗಳು ಇರುವುದು ಒಬ್ಬರನ್ನು ಉಳಿಸಿಕೊಳ್ಳಲು ಎಷ್ಟರವರೆಗೆ ಖರ್ಚು ಮಾಡಬಹುದು ಎಂದು ತೀರ್ಮಾನಿಸಲು. ಸಲಹೆಗಾರರು ತಂದಿಡುವ ಕೋಟಿಗಟ್ಟಲೆ ನಷ್ಟದ ಪಟ್ಟಿಗಳಲ್ಲಿ ಈ ಎರಡೆಣಿಕೆ ಇದೆಯೇ ಎಂದು ನಾನು ಮೊದಲು ಹುಡುಕುತ್ತೇನೆ.

ಕೂಲಿಯ ಲೆಕ್ಕದಲ್ಲಿ ಬಾರದ ಇನ್ನೊಂದು ನಷ್ಟವಿದೆ, ಅದು ಬ್ಯಾಚ್‌ನದ್ದು. ಐವತ್ತು ಜನರ ಬ್ಯಾಚ್‌ನಲ್ಲಿ ಶರ್ಟು ಕೈಯಿಂದ ಕೈಗೆ ಸಾಗುತ್ತದೆ. ಎಲ್ಲಕ್ಕಿಂತ ನಿಧಾನವಾದ ಕೈಯ ವೇಗವೇ ಇಡೀ ಬ್ಯಾಚ್‌ನ ವೇಗ. ಗಂಟೆಗೆ 60 ಕಾಲರ್ ಕೂರಿಸುತ್ತಿದ್ದವಳು ಹೋಗಿ, ಬದಲಿಗೆ ಬಂದವಳು 45 ಕೂರಿಸಿದರೆ, ಬಟನ್ ಹೊಲಿಯುವವರು ಎಷ್ಟೇ ಚುರುಕಾಗಿದ್ದರೂ ಕೊನೆಯಲ್ಲಿ ಬರುವುದು 45 ಶರ್ಟು. ಐವತ್ತು ಜನರ ದಿನದ ಕೂಲಿ 25,000; ಅದರ ಕಾಲು ಭಾಗ 6,250 ಪ್ರತಿ ದಿನ ಹೋಗುತ್ತದೆ. ಸೂಪರ್‌ವೈಸರ್ ಬೇರೆ ಬ್ಯಾಚಿನಿಂದ ಯಾರನ್ನಾದರೂ ತಂದು ಸರಿಪಡಿಸಲು ಐದು ದಿನ ಹಿಡಿದರೂ 31,000 ರೂಪಾಯಿ. ಕಾಲರ್, ಕಫ್, ತೋಳು ಜೋಡಿಸುವ ಕೈಗಳು ಸಾಮಾನ್ಯವಾಗಿ ಹಳಬರವು. ಆದ್ದರಿಂದ ವಿಭಾಗ ಎಂದು ಬರೆದ ಕಾಲಂನಲ್ಲಿ "ಹೊಲಿಗೆ" ಎಂದಷ್ಟೇ ಇದ್ದರೆ ಸಾಲದು, ಯಾವ ಕೆಲಸ ಎಂಬುದೂ ಇರಬೇಕು.

ಆರನೇ ವರ್ಷದ ಆ ಹದಿನೈದು ಜನ ಯಾಕೆ ಹೋಗುತ್ತಾರೆ? ನಿರ್ಗಮನದ ಅರ್ಜಿಯಲ್ಲಿ "ವೈಯಕ್ತಿಕ ಕಾರಣ" ಎಂದಿರುತ್ತದೆ. ಕಾರಣ ಇರುವುದು ಕಾನೂನಿನಲ್ಲಿ. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷದ ಸೇವೆ ಕೇಳುತ್ತಿತ್ತು, ಕಾಯಂ ಕಾರ್ಮಿಕರಿಗೆ ಆ ಮಿತಿ ಈಗಲೂ ಇದೆ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 13,000 ಸಂಬಳಕ್ಕೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ಆ ಹಣ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು. ಮಗಳ ಕಾಲೇಜು ಶುಲ್ಕವೋ ಬಡ್ಡಿ ಸಾಲವೋ ತಲೆಯ ಮೇಲಿರುವ ಹೆಂಗಸಿಗೆ ಅಷ್ಟು ದೊಡ್ಡ ಮೊತ್ತ ಬೇರೆ ಯಾವ ದಾರಿಯಲ್ಲೂ ಒಟ್ಟಿಗೆ ಸಿಗುವುದಿಲ್ಲ. ಅವಳು ಬಿಟ್ಟು ಪಕ್ಕದ ಕಾರ್ಖಾನೆ ಸೇರುತ್ತಾಳೆ.

ಪಿಎಫ್‌ನ ಕಥೆಯೂ ಇದೇ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡನೇ ದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಹಣ ಅವರಿಗೆ ಮುಪ್ಪಿನ ಉಳಿತಾಯ ಮಾತ್ರವಲ್ಲ, ಕಷ್ಟಕ್ಕೆ ಇರುವ ಒಂದೇ ಗಂಟು ಎಂಬುದನ್ನು ನಗರವೆಲ್ಲ ಅಂದು ಕಂಡಿತು. ಕೆಲಸ ಬಿಡುವುದು ಅನೇಕರಿಗೆ ತಮ್ಮದೇ ಗಂಟನ್ನು ಬಿಚ್ಚುವ ವಿಧಾನ.

ಇದು ತಿಳಿದರೆ ಮದ್ದಿನ ಲೆಕ್ಕವೂ ಮಾಡಬಹುದು. ಐದು ವರ್ಷ ತುಂಬಿದ 30 ಜನರಿಗೂ 37,500 ರೂಪಾಯಿಯ ಬಡ್ಡಿಯಿಲ್ಲದ ಮುಂಗಡ ಕೊಟ್ಟು ಸಂಬಳದಲ್ಲಿ ಹಿಡಿದುಕೊಂಡರೆ ಕಟ್ಟಿಹೋಗುವ ಹಣ 11.25 ಲಕ್ಷ. ವರ್ಷವಿಡೀ ಅಷ್ಟೂ ಹಣ ಹೊರಗಿದ್ದರೂ ಶೇ 12ರ ಬಡ್ಡಿಯಲ್ಲಿ ಖರ್ಚು 1.35 ಲಕ್ಷ. ಹದಿನೈದರಲ್ಲಿ ಮೂವರು ಉಳಿದರೆ ಆ ಖರ್ಚು ವಾಪಸು ಬಂತು. ಎಂಟು ಜನ ಉಳಿದರೆ ಖರ್ಚು ಕಳೆದು 3.1 ಲಕ್ಷ ಉಳಿಯಿತು, ಬ್ಯಾಚ್‌ನ ನಷ್ಟ ಬೇರೆ. ಮುಂಗಡ ಪಡೆದೂ ಬಿಟ್ಟು ಹೋಗುವವರು ಇರುತ್ತಾರೆ, ಆ ಅಪಾಯ ಇದೆ. ಪ್ಯಾಕಿಂಗ್‌ನ ಹಾಜರಾತಿ ಬೋನಸ್‌ಗೆ ಹೋಗುವ ಹಣದಲ್ಲಿ ಇಷ್ಟು ಫಲ ಎಂದೂ ಬಾರದು. ಸಾಗಣೆಯ ಕೊನೆಯ ವಾರ ಮಾತ್ರ ಇದಕ್ಕೆ ಹೊರತು. ಆಗ ಪ್ಯಾಕಿಂಗ್‌ನಲ್ಲಿ ಕೈ ಕಡಿಮೆಯಾಗಿ ಹಡಗು ತಪ್ಪಿದರೆ ಮಾಲನ್ನು ಕಾರ್ಖಾನೆಯ ಖರ್ಚಿನಲ್ಲಿ ವಿಮಾನಕ್ಕೆ ಹಾಕಬೇಕಾಗುತ್ತದೆ, 2,500ರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಸೇವಾವಧಿ ನೋಡಿ ಹಣ ಇಡುವುದು ಹಳೆಯ ಉಪಾಯ. 1913ರಲ್ಲಿ ಫೋರ್ಡ್ ಕಂಪನಿ ಸುಮಾರು 14,000 ಜನರ ಕಾರ್ಖಾನೆ ನಡೆಸಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡಿತ್ತು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಘೋಷಿಸಿದಾಗ ಅದು ಸಿಗುತ್ತಿದ್ದದ್ದು ಆರು ತಿಂಗಳು ಪೂರೈಸಿದವರಿಗೆ. ಜನ ಎಲ್ಲಿ ಉದುರುತ್ತಿದ್ದರೋ ಅದರಾಚೆ ಬಹುಮಾನ ಇಟ್ಟಿದ್ದರು.

ಆದರೆ ಎಲ್ಲ ತೂತೂ ಹಣದಿಂದ ಮುಚ್ಚುವುದಿಲ್ಲ. ಮೊದಲ ಮೂರು ತಿಂಗಳ 120 ಜನರನ್ನು ಬ್ಯಾಚ್‌ವಾರು ಹಂಚಿ ನೋಡಿದರೆ ಹೆಚ್ಚಾಗಿ ಸೂಪರ್‌ವೈಸರ್‌ಗಳ ಹೆಸರು ಎದುರಾಗುತ್ತದೆ. ಇಲ್ಲಿ ಅವಸರದ ತೀರ್ಪು ಕೂಡದು. ಹನ್ನೆರಡು ಬ್ಯಾಚ್, ಎಲ್ಲ ಸೇವಾವಧಿಯವರೂ ಸೇರಿ ವರ್ಷಕ್ಕೆ 300 ನಿರ್ಗಮನ ಎಂದರೆ ಬ್ಯಾಚಿಗೆ ಸರಾಸರಿ 25. ಕೇವಲ ಆಕಸ್ಮಿಕದಿಂದಲೇ ಈ ಸಂಖ್ಯೆ 15ರಿಂದ 35ರವರೆಗೆ ಓಲಾಡಬಹುದು. ಸರಾಸರಿಯ ವರ್ಗಮೂಲ 5, ಅದರ ಎರಡರಷ್ಟು ಆಚೀಚೆ. 31 ಜನ ಬಿಟ್ಟ ಬ್ಯಾಚಿನ ಸೂಪರ್‌ವೈಸರ್‌ನನ್ನು ಕರೆದು ಗದರಿಸುವುದು ಅನ್ಯಾಯ. 42 ಜನ ಬಿಟ್ಟಿದ್ದರೆ ಅಲ್ಲಿಗೆ ಹೋಗಿ ನಿಲ್ಲಬೇಕು. ಅದಕ್ಕೂ ಮೊದಲು ಆ ಬ್ಯಾಚಿಗೆ ಹೊಸಬರನ್ನು ಹೆಚ್ಚು ಹಾಕಿದ್ದರೇ ಎಂದು ನೋಡಬೇಕು, ಏಕೆಂದರೆ ಅದೇ ಕಾರಣವಾಗಿರಲೂ ಸಾಧ್ಯ. ಮೆಕ್ಯಾನಿಕ್‌ಗಳಂತೂ ವರ್ಷಕ್ಕೆ ಆರು ಜನ. ಅವರನ್ನು ಸೇವಾವಧಿಯಲ್ಲಿ ಹೋಳು ಮಾಡುವುದರಲ್ಲಿ ಅರ್ಥವಿಲ್ಲ. ಆರು ಫೋನ್ ಕರೆ ಮಾಡಿ ಕೇಳಿದರೆ ಹೆಚ್ಚು ತಿಳಿಯುತ್ತದೆ.

ಕೇಳುವುದಕ್ಕೇ ಒಂದು ಶಕ್ತಿ ಇದೆ ಎಂದು ನಂಬಲು ನನಗೆ ಸಾಕ್ಷಿ ಇದೆ. ದಕ್ಷಿಣ ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ತೆರೆಸಾ ಮೊಲಿನಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ವೇತನ ಏರಿಕೆ ಕಾರ್ಮಿಕರು ನಿರೀಕ್ಷಿಸಿದಷ್ಟು ಬಾರದೆ ನಿರಾಸೆಯಾಗಿದ್ದ ಸಮಯ. ಚೀಟಿ ಎತ್ತಿದಂತೆ ಆಯ್ದ ಕೆಲವರಿಗೆ ಹೆಸರು ಹೇಳದೆ ತಮ್ಮ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟರು. ಹಾಗೆ ಕೇಳಲ್ಪಟ್ಟವರು ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಟ್ಟ ಪ್ರಮಾಣ ಉಳಿದವರಿಗಿಂತ ಸುಮಾರು ಐದನೇ ಒಂದರಷ್ಟು ಕಡಿಮೆ ಇತ್ತು. ಒಂದು ಪ್ರಶ್ನಾವಳಿಯ ಖರ್ಚು 15,600ರ ಮುಂದೆ ಏನೂ ಅಲ್ಲ.

ನಾನು ಲೆಕ್ಕ ನೋಡುತ್ತಿದ್ದ ಒಂದು ಕಡೆ ಒಂದೇ ಬ್ಯಾಚಿನಿಂದ ಹೊಸಬರು ಮೊದಲ ಸಂಬಳದ ಮರುದಿನವೇ ಮಾಯವಾಗುತ್ತಿದ್ದರು. ಸೂಪರ್‌ವೈಸರ್ ಮೆದು ಮಾತಿನವನು, ಕಾರಣ ಹೊಳೆಯುತ್ತಿರಲಿಲ್ಲ. ಬಿಟ್ಟು ಹೋದ ಹುಡುಗಿಯೊಬ್ಬಳಿಗೆ ಫೋನ್ ಮಾಡಿದಾಗ ಅವಳು ಹೇಳಿದಳು: "ಅಣ್ಣ, ನಮ್ಮ ಊರಿನ ಬಸ್ಸು ಸಂಜೆ ಐದೂ ಮುಕ್ಕಾಲಿಗೆ. ಆ ಬ್ಯಾಚಿನವರನ್ನು ಬಿಡುವುದೇ ಐದೂ ಐವತ್ತಕ್ಕೆ." ಪೀಸ್ ಎಣಿಕೆಯ ಪುಸ್ತಕಕ್ಕೆ ಸಹಿ ಹಾಕಿಸಲು ಆ ಸೂಪರ್‌ವೈಸರ್ ಎಲ್ಲರನ್ನೂ ಇಪ್ಪತ್ತು ನಿಮಿಷ ನಿಲ್ಲಿಸುತ್ತಿದ್ದ. ಸಹಿಯನ್ನು ಊಟದ ವಿರಾಮದ ನಂತರಕ್ಕೆ ಬದಲಾಯಿಸಿದೆವು. ಮುಂದಿನ ತಿಂಗಳ ಸಂಬಳದ ಮರುದಿನ ಹಾಜರಾತಿ ನೋಡಲು ನಾನೇ ಬೆಳಿಗ್ಗೆ ಎಂಟಕ್ಕೆ ಹೋಗಿ ಆ ಬ್ಯಾಚಿನ ಹತ್ತಿರ ನಿಂತಿದ್ದೆ. ಏಳು ಹೊಸಬರಲ್ಲಿ ಆರು ಜನ ಮೆಷಿನ್ ಮುಂದೆ ಕುಳಿತಿದ್ದರು.